ಖಾಲಿ ಡಬ್ಬಿ ಹೊರಗಿಲ್ಲದಿದ್ದರೆ

ನಾನು ಸೆಕೆಂಡು ಮಾರುವವಳು. ಊರಿನ ಹನ್ನೊಂದು ಕಟ್ಟಡಗಳ ಲಿಫ್ಟಿನೊಳಗೆ ನನ್ನ ಪುಟ್ಟ ಪರದೆಗಳಿವೆ. ಜನ ನೆಲಮಹಡಿಯಲ್ಲಿ ಹತ್ತಿ ಎಂಟನೆಯದರಲ್ಲಿ ಇಳಿಯುವಷ್ಟರಲ್ಲಿ ಒಂದು ಜಾಹೀರಾತು ಶುರುವಾಗಿ ಮುಗಿಯಬೇಕು. ಇಪ್ಪತ್ತು ಸೆಕೆಂಡು, ಒಂದು ಹೆಚ್ಚಿಲ್ಲ. ಕನ್ನಡಕದ ಅಂಗಡಿಯವರು, ಟ್ಯೂಷನ್ನಿನವರು, ಹಲ್ಲಿನ ಡಾಕ್ಟರು, ಎಲ್ಲರೂ ಐದು ನಿಮಿಷದ ಮಾತು ತಲೆಯಲ್ಲಿ ತುಂಬಿಕೊಂಡು ಬರುತ್ತಾರೆ. ಅದನ್ನು ಕತ್ತರಿಸಿ ಇಪ್ಪತ್ತಕ್ಕೆ ಇಳಿಸುವುದೇ ನನ್ನ ಕಸುಬು. ಮಾತು ಕತ್ತರಿಸಿ ಕತ್ತರಿಸಿ ನನಗೆ ಎಂಥ ಚಟ ಹತ್ತಿದೆಯೆಂದರೆ, ಮನೆಯಲ್ಲಿ ಯಾರಾದರೂ ಕಥೆ ಹೇಳಲು ಕೂತರೂ ಮನಸ್ಸಿನಲ್ಲೇ ಅರ್ಧ ತೆಗೆದು ಬಿಸಾಕುತ್ತೇನೆ.

ಹೀಗಿರುವ ನನ್ನ ಹತ್ತಿರ ಒಂದು ದಿನ ನನ್ನ ಸೋದರತ್ತೆ ಜಾಹೀರಾತು ಮಾಡಿಸಲು ಬಂದಳು.

ಅತ್ತೆಯನ್ನು ಬೀದಿಯೆಲ್ಲ ಕರೆಯುವುದು ಡಬ್ಬಿಯಕ್ಕ ಎಂದು. ಮನೆಯ ಹಿಂಭಾಗದ ಉದ್ದನೆಯ ಅಡುಗೆಮನೆಯಲ್ಲಿ ಅವಳು ದಿನಕ್ಕೆ ಅರವತ್ತು ಜನರ ಮಧ್ಯಾಹ್ನದ ಊಟ ತಯಾರು ಮಾಡುತ್ತಾಳೆ. ಅವಳ ಗಂಡ, ಅಂದರೆ ನಮ್ಮ ಮಾವ, ಹನ್ನೆರಡರಿಂದ ಒಂದೂವರೆಯೊಳಗೆ ಅದನ್ನು ಸ್ಕೂಟರಿನಲ್ಲಿ ಮನೆಮನೆಗೆ ಮುಟ್ಟಿಸುತ್ತಾನೆ. ಪ್ರತಿ ಗಿರಾಕಿಯ ಹೆಸರಿನಲ್ಲಿ ಎರಡು ಡಬ್ಬಿ. ನಿನ್ನೆಯದನ್ನು ತೊಳೆದು ಬಾಗಿಲ ಹೊರಗೆ ಇಟ್ಟಿರಬೇಕು. ಮಾವ ಇವತ್ತಿನ ತುಂಬಿದ್ದನ್ನು ಅಲ್ಲಿಟ್ಟು ಖಾಲಿಯದನ್ನು ಎತ್ತಿಕೊಂಡು ಬರುತ್ತಾನೆ. ಮಾತಿಲ್ಲ ಕಥೆಯಿಲ್ಲ, ಒಂದು ಬಾಗಿಲಿಗೆ ಅರ್ಧ ನಿಮಿಷ.

ಡಬ್ಬಿಗಳು ವಾಪಸ್ ಬಂದ ಮೇಲೆ ಅತ್ತೆ ಮಾಡುವ ಒಂದು ಕೆಲಸ ನನಗೆ ಚಿಕ್ಕಂದಿನಿಂದಲೂ ಸೋಜಿಗ. ತೊಳೆದೇ ಬಂದ ಡಬ್ಬಿಗಳನ್ನು ಮತ್ತೆ ತೊಳೆಯುವ ಮೊದಲು ಒಂದೊಂದರ ಮುಚ್ಚಳ ತೆಗೆದು ಒಳಗೆ ನೋಡುತ್ತಾಳೆ, ಮೂಸುತ್ತಾಳೆ, ಒಂದು ಮಾತು ಆಡುತ್ತಾಳೆ. "ಬ್ಯಾಂಕಿನವಳು ಇವತ್ತು ಡಬ್ಬಿ ಉಜ್ಜೇ ಇಲ್ಲ, ಬರೀ ನೀರು ತೋರ್ಸಿದಾಳೆ. ಕೆಲಸ ಜಾಸ್ತಿ ಇರ್ಬೇಕು." "ಮೇಲ್ಮನೆ ಹುಡುಗಿ ಮೊಸರಿನ ಬಟ್ಟಲು ಮಾತ್ರ ಹಾಗೇ ವಾಪಸ್ ಕಳ್ಸಿದಾಳೆ ನೋಡು, ಶೀತ ಆಗಿದೆ." ಮುಖ ನೋಡದ ಜನರ ಮನೆಯ ಸುದ್ದಿ ಅವಳಿಗೆ ಮುಚ್ಚಳದಡಿ ಸಿಗುತ್ತಿತ್ತು. ಯಾವ ಡಬ್ಬಿ ಯಾರದು ಎಂದು ಗೊತ್ತಾಗಲು ಎಲ್ಲದರ ಹಿಡಿಯ ಮೇಲೆ ಉಗುರುಬಣ್ಣದಲ್ಲಿ ಅಂಕಿ. ಮೂರನೇ ಬೀದಿಯ ಟೈಲರ್ ಒಬ್ಬರು ಮಾತ್ರ ಅಂಕಿ ಚೆಂದ ಕಾಣಲ್ಲ ಎಂದು ತಮ್ಮ ಎರಡು ಡಬ್ಬಿಗೂ ದಾರದಲ್ಲಿ ಒಂದೊಂದು ನೀಲಿ ಗುಂಡಿ ಕಟ್ಟಿಕೊಟ್ಟಿದ್ದರು.

ಸೋಜಿಗದ ಇನ್ನೊಂದು ವಿಷಯವೂ ಇತ್ತು. ನಮ್ಮ ಮನೆಯ ಮದುವೆ ಮುಂಜಿಗಳಲ್ಲಿ ಮಾವನನ್ನು ಕಂಡ ಕೂಡಲೇ ದೊಡ್ಡವರು ಯಾರಾದರೂ, "ಬಾಗಿಲು ತಟ್ಟಿ ಹೆಂಡ್ತಿ ತಂದವನಲ್ವೇನಯ್ಯ ನೀನು!" ಎಂದು ನಗುತ್ತಿದ್ದರು. ಏನು ಹಾಗಂದರೆ ಎಂದು ಕೇಳಿದರೆ ಎಲ್ಲರೂ ಮಾತು ಹಾರಿಸುತ್ತಿದ್ದರು. ಅತ್ತೆಯನ್ನು ಕೇಳಿದರೆ, "ನಿಂಗ್ಯಾಕೆ ಊರ ಉಸಾಬರಿ, ಊಟ ಮಾಡು," ಎನ್ನುವಳು. ಕಂಡದ್ದಕ್ಕೆಲ್ಲ ಮೂಗು ತೂರಿಸುವ ನನಗೆ ಇದೊಂದು ಮಾತ್ರ ಮೂವತ್ತು ವರ್ಷದಿಂದ ಕೈಗೆ ಸಿಕ್ಕಿರಲಿಲ್ಲ.

ಆ ದಿನ ಅತ್ತೆ ನನ್ನ ಅಂಗಡಿಯ ತಿರುಗುವ ಕುರ್ಚಿಯಲ್ಲಿ, ಅದು ಎಲ್ಲಿ ತಿರುಗಿಬಿಡುತ್ತದೋ ಎಂದು ಎರಡೂ ಕಾಲು ನೆಲಕ್ಕೆ ಊರಿ ಕೂತಳು. ಸೇತುವೆಯ ಈಚೆ ಹೊಸ ಕಟ್ಟಡಗಳೆದ್ದಿವೆ, ಅಲ್ಲಿ ಅಡುಗೆಗೆ ಪುರುಸೊತ್ತಿಲ್ಲದವರು ಬೇಕಾದಷ್ಟಿದ್ದಾರೆ, ಇನ್ನೂ ಮೂವತ್ತು ಡಬ್ಬಿ ಎತ್ತುವ ಶಕ್ತಿ ನಮಗಿದೆ ಎಂದಳು. ಸೆರಗಿನ ತುದಿಯಿಂದ ಮಡಚಿದ ಹಾಳೆ ತೆಗೆದು ಓದಿದಳು. ಪ್ಲಾನು ಎರಡು: ರುಚಿ ನೋಡುವವರಿಗೆ ಆರು ದಿನದ್ದು, ಒಪ್ಪಿದವರಿಗೆ ಇಪ್ಪತ್ತಾರು ಊಟದ ತಿಂಗಳಿನದು. ಡಬ್ಬಿ ಹೋಗುವ ಜಾಗ ಹಳೇ ಸೇತುವೆಯಿಂದ ರೈಲ್ವೆ ಗೇಟಿನವರೆಗೆ. ಗೇಟಿನ ಆಚೆ ಯಾಕಿಲ್ಲ ಎಂದೆ. "ಗೇಟು ಹಾಕಿದ್ರೆ ಹದಿನೈದು ನಿಮಿಷ ನಿಲ್ಬೇಕು ಕಣೇ. ಅಷ್ಟರಲ್ಲಿ ಅನ್ನ ತಣ್ಣಗಾಗತ್ತೆ. ತಣ್ಣನೆ ಅನ್ನಕ್ಕೆ ನನ್ನ ಡಬ್ಬಿ ಯಾಕೆ?" ಸರಿ, ಇಲ್ಲಿಯವರೆಗೂ ಒಂಬತ್ತು ಸೆಕೆಂಡು.

ಆಮೇಲೆ ಬಂತು ನಿಲ್ಲಿಸುವ ವಿಷಯ.

"ನಾಳೆ ಊಟ ಬೇಡ ಅಂದ್ರೆ ಇವತ್ತು ರಾತ್ರಿ ಎಂಟರೊಳಗೆ ಫೋನ್ ಮಾಡಿ. ನಿಲ್ಲಿಸಿದ ದಿನ ನಿಮ್ಮ ಪ್ಲಾನಿನ ಕೊನೆಗೆ ಸೇರತ್ತೆ, ಒಂದು ಊಟನೂ ನಷ್ಟ ಇಲ್ಲ. ಫೋನೂ ಮಾಡ್ದೆ, ಖಾಲಿ ಡಬ್ಬಿನೂ ಹೊರಗಿಡ್ದೆ ಇದ್ರೆ ನಾವು ಬಾಗಿಲು ತಟ್ತೀವಿ."

ನಾನು ಗಡಿಯಾರ ನೋಡಿದೆ. ಅದೊಂದೇ ಹದಿಮೂರು ಸೆಕೆಂಡು.

"ಎಂಟರ ಲೆಕ್ಕ ಗೊತ್ತಾಯ್ತು ಅತ್ತೆ, ತರಕಾರಿ ಹೆಚ್ಚೋಕೆ ಮೊದ್ಲು ತಲೆ ಎಷ್ಟು ಅಂತ ತಿಳೀಬೇಕು. ಆದ್ರೆ ಬಾಗಿಲು ತಟ್ಟೋದೆಲ್ಲ ಜಾಹೀರಾತಲ್ಲಿ ಯಾಕೆ? ಜನ ಹೆದರ್ಕೋತಾರೆ, ಸಾಲ ವಸೂಲಿಯವರ ಥರ ಇದೆ."

"ಅದೇ ಮುಖ್ಯ. ಬೇಕಾದ್ರೆ ರುಚಿ ಶುಚಿ ಎಲ್ಲ ಕತ್ತರ್ಸು. ಅದನ್ನ ಮಾತ್ರ ಮುಟ್ಬೇಡ."

"ಯಾಕೆ ಅಂತ ಹೇಳಿ."

"ಹೇಳ್ತೀನಿ, ತಾಳು. ಒಲೆ ಮೇಲೆ ಕಾಳು ಇಟ್ಟು ಬಂದಿದೀನಿ," ಎಂದು ಎದ್ದೇ ಬಿಟ್ಟಳು.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳಬೇಕು. ಧ್ವನಿ ಮುದ್ರಿಸಿದಾಗ ಒಟ್ಟು ಇಪ್ಪತ್ತಾರು ಸೆಕೆಂಡು ಬಂತು. ಕೊನೆಗೆ ನನ್ನ ಅಂಗಡಿಯ ಹೆಸರು ಮತ್ತು ಗಂಟೆಯ ಸದ್ದಿಗೆ ಎರಡು ಸೆಕೆಂಡು ಬೇರೆ. ಏನು ಕತ್ತರಿಸಲಿ ಎಂದು ಕೂತವಳಿಗೆ ಮಹಾ ಬುದ್ಧಿಯೊಂದು ಹೊಳೆಯಿತು. ಹೇಗೂ ಖಾಲಿ ಡಬ್ಬಿ ಕಂಡರೆ ತಾನೇ ಮಾವ ತುಂಬಿದ್ದು ಇಡುವುದು? ಹಾಗಿದ್ದರೆ ಅಷ್ಟುದ್ದ ಯಾಕೆ? "ಊಟ ಬೇಡದ ದಿನ ಖಾಲಿ ಡಬ್ಬಿ ಹೊರಗಿಡಬೇಡಿ, ಅಷ್ಟೇ!" ಐದು ಸೆಕೆಂಡು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಎಲ್ಲ ಹೇಳಿದ ಹಾಗೆಯೇ ಇದೆಯಾ ಎಂದು ಅತ್ತೆ ಫೋನಿನಲ್ಲಿ ಕೇಳಿದಾಗ, "ಸರಿಯಾಗಿದೆ ಅತ್ತೆ, ನೀವು ಒಲೆ ನೋಡ್ಕೊಳ್ಳಿ," ಎಂದೆ. ಅವಳ ಮನೆ ನೆಲಮಟ್ಟದ್ದು. ಲಿಫ್ಟಿನಲ್ಲಿ ಅವಳು ಓಡಾಡುವ ಪ್ರಮೇಯವೇ ಇರಲಿಲ್ಲ.

ಸೋಮವಾರ ಜಾಹೀರಾತು ಶುರುವಾಯಿತು. ಹತ್ತು ದಿನದಲ್ಲಿ ಮೂವತ್ತರ ಜಾಗದಲ್ಲಿ ಮೂವತ್ತನಾಲ್ಕು ಹೊಸಬರು. ಹೊಸ ಡಬ್ಬಿ ಕೊಂಡರು, ಉಗುರುಬಣ್ಣದ ಸೀಸೆ ಮುಗಿಯಿತು, ಮಾವ ಸ್ಕೂಟರಿಗೆ ಇನ್ನೊಂದು ಕಬ್ಬಿಣದ ಬುಟ್ಟಿ ಕಟ್ಟಿಸಿದ. ನಾನು ಕಾಲರ್ ಏರಿಸಿಕೊಂಡು ಓಡಾಡಿದೆ. ಮೂರನೇ ವಾರದ ಒಂದು ಮಧ್ಯಾಹ್ನ ಅತ್ತೆಯ ಫೋನು ಬಂತು.

"ಈಗ್ಲೇ ಬಾ. ಆ ಜಾಹೀರಾತು ನಿನ್ನ ಫೋನಲ್ಲಿದ್ರೆ ತಗೊಂಡ್ ಬಾ."

ನಾನು ಹೋದಾಗ ಎರಡು ಗಂಟೆ ದಾಟಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ತುಂಬಿದ ಡಬ್ಬಿಗಳು ಸಾಲಾಗಿ ಕೂತಿದ್ದವು. ಹದಿನಾಲ್ಕು. ಯಾರೂ ಮುಟ್ಟದೆ ಹೋದ ದಾರಿಯಲ್ಲೇ ವಾಪಸ್ ಬಂದವು. ಮಾವ ಗೋಡೆಗೊರಗಿ ಮುಖ ಒರೆಸಿಕೊಳ್ಳುತ್ತಿದ್ದ.

"ಒಂದು ವಾರದಿಂದ ಇದೇ ಗೋಳು," ಎಂದಳು ಅತ್ತೆ. "ಫೋನ್ ಮಾಡಲ್ಲ ಏನಿಲ್ಲ, ಮಾಡಿದ ಅಡುಗೆ ಹಾಗೇ ವಾಪಸ್ ಬರತ್ತೆ. ಏನ್ ಹೇಳಿದೀಯ ನೀನು ಅದ್ರಲ್ಲಿ?"

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಫೋನು ಮುಂದೆ ಹಿಡಿದೆ. ಇಪ್ಪತ್ತು ಸೆಕೆಂಡಿನ ಜಾಹೀರಾತು ಉತ್ಸಾಹದಿಂದ ಉಲಿದು, ಗಂಟೆ ಬಾರಿಸಿ, ನನ್ನ ಅಂಗಡಿಯ ಹೆಸರು ಹೇಳಿ ಸುಮ್ಮನಾಯಿತು. ಅತ್ತೆ ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಮಾವನ ಕಡೆ ತಿರುಗಿದಳು.

"ರೀ, ಡಬ್ಬಿ ಹೊರಗಿಲ್ದೇ ಇದ್ದ ಮನೆಗಳಲ್ಲಿ ತಟ್ಟಿದ್ರಾ?"

ಮಾವ ಟವೆಲ್ಲನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಮೊದಮೊದ್ಲು ತಟ್ಟಿದೆ ಕಣೇ. ಎಲ್ಲಾರೂ ಬೈದ್ರು. 'ಡಬ್ಬಿ ಇಟ್ಟಿಲ್ಲ ಅಂದ್ರೆ ಬೇಡ ಅಂತ, ನಿಮ್ದೇ ಜಾಹೀರಾತು ಹೇಳತ್ತೆ, ಮೀಟಿಂಗಲ್ಲಿದೀನಿ, ತಲೆ ತಿನ್ಬೇಡಿ' ಅಂತಾರೆ. ಒಬ್ಳು ಮಗು ಮಲಗ್ಸಿದ್ಲಂತೆ, ಬಾಗಿಲು ತೆಗೆದವಳೇ ನನ್ನ ಮುಖಕ್ಕೆ ಬೆರಳು ತೋರ್ಸಿ ರೇಗಿದ್ಲು. ನಾಲ್ಕು ದಿನದಿಂದ ತಟ್ಟೋದು ಬಿಟ್ಟಿದೀನಿ. ಡಬ್ಬಿ ಇಲ್ವಾ, ಮುಂದಿನ ಮನೆ."

ಅತ್ತೆ ಕಟ್ಟೆಯ ಹತ್ತಿರ ಹೋಗಿ ವಾಪಸ್ ಬಂದ ಡಬ್ಬಿಗಳ ಹಿಡಿ ಒಂದೊಂದಾಗಿ ತಿರುಗಿಸಿದಳು. ಎಪ್ಪತ್ತೊಂದು, ಎಂಬತ್ತೆರಡು, ಅರವತ್ತೊಂಬತ್ತು, ಎಲ್ಲ ಹೊಸಬರು. ಹನ್ನೊಂದನೆಯದಕ್ಕೆ ಬಂದಾಗ ಅವಳ ಕೈ ನಿಂತಿತು. ಅದಕ್ಕೆ ಅಂಕಿಯಿರಲಿಲ್ಲ. ದಾರದ ತುದಿಯಲ್ಲಿ ನೀಲಿ ಗುಂಡಿ.

"ಟೈಲರದ್ದು."

"ಹೂಂ. ಅವ್ರೂ ಇವತ್ತು ಇಟ್ಟಿರ್ಲಿಲ್ಲ," ಎಂದ ಮಾವ.

"ಅವರ ಕಟ್ಟಡಕ್ಕೆ ಲಿಫ್ಟ್ ಎಲ್ಲಿದೆ ರೀ?"

ಅಷ್ಟೇ ಅವಳು ಕೇಳಿದ್ದು. ಆ ಮೂರು ಮಹಡಿಯ ಹಳೇ ಕಟ್ಟಡಕ್ಕೆ ಲಿಫ್ಟಿಲ್ಲ. ಟೈಲರ್ ನನ್ನ ಜಾಹೀರಾತು ನೋಡಿರುವುದೇ ಸಾಧ್ಯವಿಲ್ಲ. ಆರು ವರ್ಷದಿಂದ, ಒಂದು ದಿನ ಊಟ ಬೇಡವೆಂದರೂ ಏಳೂವರೆಗೇ ಫೋನು ಮಾಡುತ್ತಿದ್ದ ಮನುಷ್ಯ ನಿನ್ನೆ ಫೋನೂ ಮಾಡಿರಲಿಲ್ಲ, ಇವತ್ತು ಡಬ್ಬಿಯನ್ನೂ ಇಟ್ಟಿರಲಿಲ್ಲ. ಅತ್ತೆ ಫೋನಿಗೆ ಕೈ ಹಾಕಿದಳು. ಗಂಟೆ ಹೊಡೆದು ಹೊಡೆದು ನಿಂತಿತು, ಯಾರೂ ಎತ್ತಲಿಲ್ಲ. ಮಾವ ಆಗಲೇ ಸ್ಕೂಟರಿನ ಕೀಲಿ ತೆಗೆದುಕೊಂಡಿದ್ದ. ಅತ್ತೆ ಕೈ ಕೂಡ ಒರೆಸಿಕೊಳ್ಳದೆ ಅವನ ಹಿಂದೆ ಕೂತಳು. ನಾನು ನನ್ನ ಗಾಡಿಯಲ್ಲಿ ಹಿಂದೆಯೇ ಹೋದೆ.

ಟೈಲರ್ ಐವತ್ತರ ಆಸುಪಾಸಿನ ಒಂಟಿ ಮನುಷ್ಯ. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಬಚ್ಚಲು, ಕಿಟಕಿಯ ಬಳಿ ಹೊಲಿಗೆ ಯಂತ್ರ. ಮದುವೆಯಾದ ತಂಗಿಯೊಬ್ಬಳು ಊರಿನ ಆ ತುದಿಯಲ್ಲಿದ್ದಾಳೆ. ಬಟ್ಟೆ ಕೊಡಲು ಬರುವವರು ವಾರಕ್ಕೆ ನಾಲ್ಕು ಜನವಾದರೆ ಹೆಚ್ಚು. ಮಾವ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಾಗಿಲು ತಟ್ಟಿದ. ಉತ್ತರವಿಲ್ಲ. ಅಂಗೈಯಿಂದ ಬಡಿದ. ಅತ್ತೆ ಕಿವಿ ಬಾಗಿಲಿಗೆ ಒತ್ತಿ, "ಶ್! ಸುಮ್ನಿರಿ," ಎಂದಳು. ಒಳಗಿನಿಂದ ಏನೋ ಲೋಹ ನೆಲಕ್ಕೆ ತಾಗುವ ಸಣ್ಣ ಸದ್ದು. ಟಕ್. ಸ್ವಲ್ಪ ಹೊತ್ತಿಗೆ ಮತ್ತೆ ಟಕ್.

ಕೆಳಗಿನ ಮನೆಯ ಮಾಲೀಕರು ಇನ್ನೊಂದು ಕೀಲಿ ಹುಡುಕಿ ತರುವಷ್ಟರಲ್ಲಿ ನನಗೆ ಒಂದು ಯುಗವೇ ಕಳೆದಂತಾಯಿತು. ಸೆಕೆಂಡು ಎಷ್ಟು ಉದ್ದ ಇರುತ್ತದೆಂದು, ಅದನ್ನೇ ಮಾರಿ ಬದುಕುವ ನನಗೆ ಅವತ್ತು ಗೊತ್ತಾಯಿತು.

ಟೈಲರ್ ಬಚ್ಚಲಿನ ಹೊಸ್ತಿಲ ಮೇಲೆ ಬಿದ್ದಿದ್ದರು. ಬೆಳಗಿನ ಆರು ಗಂಟೆಗೆ ಕಾಲು ಜಾರಿ ಬಿದ್ದವರು, ತೊಡೆಯ ಮೂಳೆ ಮುರಿದು, ಏಳಲಾಗದೆ, ತೆವಳಲಾಗದೆ ಒಂಬತ್ತು ತಾಸು ಅಲ್ಲೇ ಇದ್ದರು. ಕೂಗಿ ಕೂಗಿ ಗಂಟಲು ಕಟ್ಟಿ ಹೋಗಿತ್ತು. ಕೈಗೆ ಸಿಕ್ಕಿದ್ದು ನೀರಿನ ತಂಬಿಗೆಯೊಂದೇ. ಅದನ್ನೇ ನೆಲಕ್ಕೆ ಕುಟ್ಟುತ್ತಿದ್ದರು. ನಾನು ಆಂಬುಲೆನ್ಸಿಗೆ ಫೋನು ಮಾಡಿದೆ. ಅತ್ತೆ ನೆಲದಲ್ಲಿ ಕೂತು ಅವರ ತಲೆಯಡಿಗೆ ಅರ್ಧ ಹೊಲಿದ ಯಾರದೋ ಕೋಟು ಮಡಚಿಟ್ಟು, ಬಾಯಿಗೆ ಚಮಚದಲ್ಲಿ ನೀರು ಮುಟ್ಟಿಸಿದಳು.

ಟೈಲರ್ ಅವಳನ್ನಲ್ಲ, ಬಾಗಿಲಲ್ಲಿ ನಿಂತ ಮಾವನನ್ನು ನೋಡುತ್ತಿದ್ದರು. ಪಿಸುಮಾತಿನಷ್ಟೇ ಧ್ವನಿ.

"ಅಣ್ಣಾ, ಹನ್ನೆರಡೂ ಕಾಲಿಗೆ ನಿಮ್ಮ ಕಾಲಸಪ್ಪಳ ಕೇಳಿಸ್ತು. ಕೂಗೋಕೆ ಧ್ವನಿ ಇರ್ಲಿಲ್ಲ, ತಂಬಿಗೆ ಇನ್ನೂ ಕೈಗೆಟುಕಿರ್ಲಿಲ್ಲ. ಡಬ್ಬಿ ಇಲ್ವಲ್ಲ, ಈಗ ತಟ್ತಾರೆ, ಈಗ ತಟ್ತಾರೆ ಅಂತ ಕಾದೆ. ಆಮೇಲೆ ಇಳಿದು ಹೋದ ಸಪ್ಪಳ ಕೇಳಿಸ್ತು."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಾವ ಬಾಗಿಲ ಚೌಕಟ್ಟು ಹಿಡಿದುಕೊಂಡ. ತಪ್ಪು ನನ್ನದು ಎಂದು ಕೂಗಿ ಹೇಳಬೇಕೆನಿಸಿತು.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಸಂಜೆಯವರೆಗೆ ಮೂವರೂ ಕೂತೆವು. ಟೈಲರ ತಂಗಿ ಒಳಗಿದ್ದಳು. ಮೂಳೆ ಕೂಡುತ್ತದೆ, ಜೀವಕ್ಕೆ ಭಯವಿಲ್ಲ, ಇನ್ನೊಂದು ದಿನ ಹಾಗೆಯೇ ಬಿದ್ದಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿ ಹೋಗಿದ್ದರು. ಆಗ, ಯಾರೂ ಕೇಳದೆಯೇ, ಅತ್ತೆ ನನಗೆ ಮೂವತ್ತು ವರ್ಷದಿಂದ ಬೇಕಾಗಿದ್ದ ಕಥೆ ಹೇಳಿದಳು.

"ನಂಗೆ ಇಪ್ಪತ್ತೆರಡು ಆಗಿತ್ತು. ದಾರದ ಮಿಲ್ಲಲ್ಲಿ ಕೆಲಸ, ಒಬ್ಳೇ ಒಂದು ಬಾಡಿಗೆ ಕೋಣೇಲಿದ್ದೆ. ಮೆಸ್ಸಿಂದ ಡಬ್ಬಿ ಬರ್ತಿತ್ತು. ತರೋನ ಮುಖ ಒಂದು ದಿನನೂ ನೋಡಿರ್ಲಿಲ್ಲ. ಇಟ್ಟು ಹೋಗೋನು, ನಾನು ತಗೊಳೋಳು. ಒಂದ್ಸಲ ಜ್ವರ ಬಂತು. ಮೊದಲ್ನೇ ದಿನ ಮಿಲ್ಲಿಗೆ ಹೋಗ್ಲಿಲ್ಲ, ಎರಡನೇ ದಿನ ಎದ್ದು ನೀರು ಕುಡಿಯಕ್ಕೂ ಆಗ್ಲಿಲ್ಲ. ಮಿಲ್ಲಲ್ಲಿ ರಜ ಹಾಕಿದಾಳೆ ಅಂದ್ಕೊಂಡ್ರು. ಪಕ್ಕದವ್ರು ಊರಿಗೆ ಹೋಗಿದಾಳೆ ಅಂದ್ಕೊಂಡ್ರು. ಖಾಲಿ ಡಬ್ಬಿ ಹೊರಗಿಲ್ಲ ಅಂತ ಈ ಪುಣ್ಯಾತ್ಮ ಒಬ್ರೇ ಬಾಗಿಲು ತಟ್ಟಿದ್ದು."

ನಾನು ಮಾವನನ್ನು ನೋಡಿದೆ. ಅವನು ತನ್ನ ಬಲಗೈ ನೋಡಿಕೊಳ್ಳುತ್ತಿದ್ದ.

"ಡಬ್ಬಿ ಸಿಗದೇ ಇದ್ರೆ ಮೆಸ್ಸಿನವ್ನು ಅದರ ದುಡ್ಡು ನನ್ನ ಹತ್ರ ಕಿತ್ಕೋತಿದ್ದ," ಎಂದ. "ಅದಕ್ಕೇ ತಟ್ಟಿದ್ದು. ದೊಡ್ಡ ಪುಣ್ಯ ಏನಲ್ಲ."

"ಯಾತಕ್ಕಾದ್ರೂ ಆಗ್ಲಿ, ತಟ್ಟಿದ್ರಲ್ಲ," ಎಂದಳು ಅತ್ತೆ. "ನಮ್ಮದೇ ಡಬ್ಬಿ ಶುರು ಮಾಡಿದ ದಿನ ಒಂದೇ ನಿಯಮ ಇಟ್ಟೆ. ಫೋನ್ ಬಂದಿದ್ರೆ ಸುಮ್ನೆ ಮುಂದೆ ಹೋಗೋದು. ಫೋನ್ ಬರದೆ, ಡಬ್ಬಿನೂ ಇಲ್ದೇ ಇದ್ರೆ ತಟ್ಟೋದು. ಊಟ ಬೇಡದೋರು ಫೋನ್ ಮಾಡಿದ್ರೆ ತಾನೇ ಕಣೇ, ಮಾಡ್ದೇ ಇದ್ದೋರು ಯಾರು ಅಂತ ನಮಗೆ ಗೊತ್ತಾಗೋದು?"

ಇದನ್ನು ಅಂಗಡಿಯಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅತ್ತೆ ಮೊದಲ ಸಲ ನನ್ನ ಮೇಲೆ ರೇಗಿದಳು. "ಹೇಳಿದ್ರೆ ಅದನ್ನೂ ಕತ್ತರಿಸ್ತಿದ್ದೆ ನೀನು!" ಅದು ನಿಜ. ನನಗೆ ಅಲ್ಲೇ ಅಳು ಬಂತು, ತಡೆಯಲಿಲ್ಲ. ಅತ್ತೆ ಕಾಳಿನ ವಾಸನೆಯ ಸೆರಗು ನನ್ನ ಮುಖಕ್ಕೆ ಹಿಡಿದು, "ಅತ್ತಿದ್ದು ಸಾಕು. ನಾಳೆ ಬೆಳಗ್ಗೆ ಅದನ್ನ ಸರಿ ಮಾಡು," ಎಂದಳು.

ಅದೇ ಸಂಜೆ ಹನ್ನೊಂದೂ ಪರದೆಯಿಂದ ಹಳೆಯ ಜಾಹೀರಾತು ತೆಗೆದೆ. ಅತ್ತೆ ತೊಂಬತ್ತನಾಲ್ಕು ಮನೆಗೂ ಫೋನು ಮಾಡಿ ನಿಯಮ ಹೇಳಿದಳು. ಮರುದಿನ ಅವಳನ್ನೇ ಮೈಕಿನ ಮುಂದೆ ಕೂರಿಸಿದೆ. ಬಾಡಿಗೆ ಧ್ವನಿ ಬೇಡವೆನಿಸಿತು. ಮನೆ ಊಟ ಬಿಸಿಬಿಸಿ ಎಂಬುದೆಲ್ಲ ಹೋಯಿತು. ಬಿಸಿಯೋ ಅಲ್ಲವೋ ತಿಂದವರಿಗೆ ಗೊತ್ತಾಗುತ್ತದೆ. "ಆರು ದಿನ, ಇಲ್ಲಾ ಇಪ್ಪತ್ತಾರು ಊಟ. ಸೇತುವೆಯಿಂದ ಗೇಟಿನವರೆಗೆ." ಆಮೇಲೆ ಅವಳ ಹದಿಮೂರು ಸೆಕೆಂಡು, ಒಂದಕ್ಷರ ಬಿಡದೆ, ಕೊನೆಗೆ ಫೋನ್ ನಂಬರು. ಅಳೆದೆ, ಸರಿಯಾಗಿ ಇಪ್ಪತ್ತು. ನನ್ನ ಅಂಗಡಿಯ ಹೆಸರಿಗೂ ಗಂಟೆಗೂ ಜಾಗವಿರಲಿಲ್ಲ. ಮೊದಲೇ ಅವನ್ನು ಕಿತ್ತು ಹಾಕಬಹುದಿತ್ತು. ಆಗ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಹೊಸದಕ್ಕೆ ಜನ ಹೆದರುತ್ತಾರೆಂದು ನಾನು ಅಂದುಕೊಂಡಿದ್ದೆ. ನಾಲ್ವರು ಬಿಟ್ಟರು, ಬಾಗಿಲು ತಟ್ಟುವವರ ಊಟ ಬೇಡವಂತೆ. ಒಂಬತ್ತು ಜನ ಸೇರಿದರು. ಅವರಲ್ಲೊಬ್ಬಳು ಫೋನಿನಲ್ಲಿ ಕೇಳಿದ್ದು ಪ್ಲಾನನ್ನಲ್ಲ. "ಅಡುಗೆ ನಾನೇ ಮಾಡ್ಕೋತೀನಿ ಅಕ್ಕ, ಬರೀ ಆ ತಟ್ಟೋದು ಸಿಗತ್ತಾ?" ಅತ್ತೆ, "ಖಾಲಿ ಡಬ್ಬಿ ಒಂದನ್ನ ದಿನಾ ಹೊರಗಿಡಮ್ಮ, ಆ ದಾರೀಲೇ ಹೋಗ್ತಾರೆ, ನೋಡ್ಕೊಂಡು ಹೋಗ್ತಾರೆ," ಎಂದಳು. ಅದಕ್ಕೆ ಯಾವ ಪ್ಲಾನೂ ಇಲ್ಲ.

ಟೈಲರ್ ಆಸ್ಪತ್ರೆಯಿಂದಲೇ ನಿಯಮ ಪಾಲಿಸಿದರು. ಮೂರನೇ ದಿನ ಸಂಜೆ ಏಳೂವರೆಗೆ ಫೋನು ಬಂತು. "ಅಕ್ಕಾ, ನಾಳೆಯಿಂದ ನನ್ನ ಡಬ್ಬಿ ನಿಲ್ಸಿ. ಎಷ್ಟು ದಿನ ಅಂತ ಡಾಕ್ಟ್ರು ಹೇಳ್ಬೇಕು." ಅತ್ತೆ ಅಷ್ಟೇ ಗಂಭೀರವಾಗಿ, ದಿನಗಳು ಕೊನೆಗೆ ಸೇರುತ್ತವೆ ಎಂದಳು. ಅವರು ತಂಗಿಯ ಮನೆಯಲ್ಲಿ ಮೂರು ತಿಂಗಳಿದ್ದು, ಊರುಗೋಲು ಹಿಡಿದು ತಮ್ಮ ಕಟ್ಟಡಕ್ಕೆ ಮರಳಿದರು. ಮಹಡಿ ಬದಲಾಗಿತ್ತು, ಮಾಲೀಕರು ನೆಲಮಹಡಿಯ ಕೋಣೆ ಬಿಡಿಸಿ ಕೊಟ್ಟಿದ್ದರು.

ಅವರು ಮರಳಿದ ಎರಡನೇ ದಿನ ಮಾವನ ಜೊತೆ ನಾನೂ ಹೋದೆ. ನೋಡಬೇಕೆಂಬ ಕುತೂಹಲ, ಮತ್ತೇನಿಲ್ಲ. ಬಾಗಿಲ ಹೊರಗೆ ನೀಲಿ ಗುಂಡಿಯ ಡಬ್ಬಿ ತೊಳೆದು, ಒರೆಸಿ, ಹಿಡಿ ಈಚೆಗೆ ತಿರುಗಿಸಿ ಇಟ್ಟಿತ್ತು. ಒಳಗೆ ಹೊಲಿಗೆ ಯಂತ್ರ ಓಡುವ ಸದ್ದು ಚೆನ್ನಾಗಿಯೇ ಕೇಳುತ್ತಿತ್ತು. ಮಾವ ತುಂಬಿದ ಡಬ್ಬಿ ಇಟ್ಟ, ಖಾಲಿಯದನ್ನು ಎತ್ತಿಕೊಂಡ. ಇನ್ನು ಹೊರಡುತ್ತಾನೆಂದು ನಾನು ಗಾಡಿಯ ಕಡೆ ತಿರುಗಿದೆ. ಅವನು ಹೊರಡಲಿಲ್ಲ. ಕೈಯೆತ್ತಿ ಬಾಗಿಲು ತಟ್ಟಿದ.

ಯಂತ್ರ ನಿಂತಿತು. ಊರುಗೋಲಿನ ಸದ್ದು ನಿಧಾನವಾಗಿ ಹತ್ತಿರ ಬಂತು. ಟೈಲರ್ ಬಾಗಿಲು ತೆರೆದು, ಕನ್ನಡಕದ ಮೇಲಿಂದ ಮಾವನನ್ನೂ ಅವನ ಕೈಯಲ್ಲಿದ್ದ ಖಾಲಿ ಡಬ್ಬಿಯನ್ನೂ ನೋಡಿದರು.

"ಡಬ್ಬಿ ಇಟ್ಟಿದ್ನಲ್ಲ ಅಣ್ಣಾ, ಮತ್ಯಾಕೆ ತಟ್ಟಿದ್ರಿ?"

"ಅವತ್ತಿಂದು ಬಾಕಿ ಇತ್ತು," ಎಂದ ಮಾವ.